ಟೈಪಿಂಗ್‌ಗೆ ಅಂಕವಿಲ್ಲ, ಆದರೆ ಕೆಲಸ ಹೋಗುವುದು ಅಲ್ಲೇ

ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ ಗುಮಾಸ್ತ ಹುದ್ದೆಗಳಿಗೆ ನಡೆಸುವ, ಪಿಯುಸಿ ಮುಗಿಸಿದವರು ಬರೆಯುವ ಎಸ್‌ಎಸ್‌ಸಿ ಸಿಎಚ್‌ಎಸ್‌ಎಲ್‌ ಪರೀಕ್ಷೆಯಲ್ಲಿ ಟೈಪಿಂಗ್‌ಗೆ ಒಂದೇ ಒಂದು ಅಂಕವೂ ಇಲ್ಲ. ಪಾಸಾದರೆ ಸಾಕು. ಹಾಗಾಗಿಯೇ ಹೆಚ್ಚಿನವರು ಗಣಿತ, ರೀಸನಿಂಗ್, ಇಂಗ್ಲಿಷ್ ಎಂದು ತಿಂಗಳುಗಟ್ಟಲೆ ಓದುತ್ತಾರೆ. ಕೀಬೋರ್ಡನ್ನು ‘ಲಿಖಿತ ಪರೀಕ್ಷೆ ಆದಮೇಲೆ ನೋಡೋಣ’ ಎಂದು ಮೂಲೆಗಿಡುತ್ತಾರೆ. ಹಿಂದೆ ಆ ಲೆಕ್ಕ ನಡೆಯುತ್ತಿತ್ತು. ಲಿಖಿತ ಪರೀಕ್ಷೆಯ ಫಲಿತಾಂಶ ಬಂದು, ಟೈಪಿಂಗ್‌ಗೆ ಕರೆ ಬರುವಷ್ಟರಲ್ಲಿ ತಿಂಗಳುಗಳೇ ಕಳೆಯುತ್ತಿದ್ದವು. 2022ರ ಅಧಿಸೂಚನೆಯಿಂದ ಈಚೆಗೆ ಟೈಪಿಂಗ್ ಎರಡನೇ ಹಂತದೊಳಗೇ ಸೇರಿಕೊಂಡಿದೆ. ಲಿಖಿತ ಭಾಗ ಮುಗಿಸಿ ನಿಧಾನವಾಗಿ ಕಲಿಯಲು ನಡುವೆ ಬಿಡುವೇ ಸಿಗುವುದಿಲ್ಲ. ಎರಡೂ ಒಟ್ಟೊಟ್ಟಿಗೆ ಸಾಗಬೇಕು.

ಅದು ಹೇಗೆ ಎಂಬುದನ್ನು ಅಕ್ಕನ ಮಗಳು ಮನೆಯಲ್ಲಿ ಮಾಡಿದ ಅಭ್ಯಾಸವನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ಅವಳ ಉತ್ತರಗಳನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಮೊದಲು ಗುರಿಯನ್ನು ಲೆಕ್ಕ ಹಾಕಿ

ಎಲ್‌ಡಿಸಿ ಮತ್ತು ಜೆಎಸ್‌ಎ ಎಂಬ ಗುಮಾಸ್ತ ಹುದ್ದೆಗಳಿಗೆ ಇಂಗ್ಲಿಷ್‌ನಲ್ಲಾದರೆ ನಿಮಿಷಕ್ಕೆ 35 ಪದ, ಹಿಂದಿಯಲ್ಲಾದರೆ 30 ಪದ ವೇಗ ಬೇಕು. ಪರೀಕ್ಷೆಯ ಅವಧಿ 10 ನಿಮಿಷ. ಇಲ್ಲಿ ‘ಪದ’ ಎಂದರೆ ಸರಾಸರಿ ಐದು ಕೀ ಒತ್ತುವಿಕೆ. ಪದಗಳ ನಡುವಿನ ಸ್ಪೇಸ್ ಕೂಡ ಒಂದು ಒತ್ತುವಿಕೆಯೇ. ಅಲ್ಲಿಗೆ ಇಂಗ್ಲಿಷ್‌ನಲ್ಲಿ ನಿಮಿಷಕ್ಕೆ 175, ಹತ್ತು ನಿಮಿಷಕ್ಕೆ 1,750 ಒತ್ತುವಿಕೆ ಆಯಿತು. ಸುಮಾರು 350 ಪದಗಳ ಒಂದು ಪಠ್ಯ ಎಂದು ತಲೆಯಲ್ಲಿಟ್ಟುಕೊಂಡರೆ ಸಾಕು.

ಡೇಟಾ ಎಂಟ್ರಿ ಆಪರೇಟರ್, ಅಂದರೆ ಡಿಇಒ ಹುದ್ದೆಯ ಲೆಕ್ಕ ಬೇರೆ. ಗಂಟೆಗೆ 8,000 ಒತ್ತುವಿಕೆ, 15 ನಿಮಿಷದ ಪರೀಕ್ಷೆ. ನಿಮಿಷಕ್ಕೆ ಭಾಗಿಸಿ ನೋಡಿದರೆ ಇದು ಎಲ್‌ಡಿಸಿಗಿಂತ ಸುಲಭ. ಕೆಲವು ಇಲಾಖೆಗಳು ಮಾತ್ರ ಗಂಟೆಗೆ 15,000 ಕೇಳುತ್ತವೆ. ಹುದ್ದೆಯ ಆದ್ಯತೆ ತುಂಬುವ ಮೊದಲು ಅಧಿಸೂಚನೆಯ ಆ ಸಾಲನ್ನು ಓದಿಕೊಳ್ಳಿ.

ಕನ್ನಡಿಗರು ಎಡವುವ ಜಾಗ ಒಂದಿದೆ. ಪ್ರಶ್ನೆಪತ್ರಿಕೆ ಈಗ ಕನ್ನಡದಲ್ಲೂ ಸಿಗುತ್ತದೆಂದು ಟೈಪಿಂಗೂ ಕನ್ನಡದಲ್ಲಿರುತ್ತದೆ ಎಂದುಕೊಳ್ಳುತ್ತಾರೆ. ಇಲ್ಲ, ಅದು ಇಂಗ್ಲಿಷ್ ಅಥವಾ ಹಿಂದಿ ಮಾತ್ರ. ಯಾವುದು ಎಂಬುದನ್ನು ಅರ್ಜಿಯಲ್ಲೇ ಆರಿಸಬೇಕು, ಆಮೇಲೆ ಬದಲಿಸಲು ಬರುವುದಿಲ್ಲ. ‘ಹಿಂದಿಗೆ ವೇಗ ಕಡಿಮೆ ಸಾಕು’ ಎಂದು ಅದನ್ನೇ ಒತ್ತಿದರೆ ಹೊಸದೊಂದು ಕೀಲಿಮಣೆ ವಿನ್ಯಾಸವನ್ನು ಮೊದಲಿಂದ ಕಲಿಯಬೇಕಾದೀತು. ನಮ್ಮ ಕಡೆಯವರಿಗೆ ಇಂಗ್ಲಿಷೇ ವಾಸಿ.

ಮೊದಲ ಮೂರು ವಾರ: ಕೆಳಗೆ ನೋಡಬೇಡಿ

ದಿನಕ್ಕೆ ಅರ್ಧ ಗಂಟೆ ಸಾಕು, ಅದೂ ಒಂದೇ ಸಲ ಬೇಡ. ಬೆಳಿಗ್ಗೆ ಓದಲು ಕೂರುವ ಮುಂಚೆ 15 ನಿಮಿಷ, ಸಂಜೆ 15 ನಿಮಿಷ. ಭಾನುವಾರ ನಾಲ್ಕು ಗಂಟೆ ಕುಟ್ಟಿ ಉಳಿದ ದಿನ ಬಿಡುವುದಕ್ಕಿಂತ ಇದು ಬೇಗ ಕೈ ಹತ್ತುತ್ತದೆ.

ಎಫ್ ಮತ್ತು ಜೆ ಕೀಗಳ ಮೇಲೆ ಸಣ್ಣ ಉಬ್ಬುಗೆರೆ ಇರುತ್ತದೆ. ಎರಡು ತೋರುಬೆರಳುಗಳ ಮನೆ ಅದು. ಪ್ರತಿ ಕೀ ಒತ್ತಿದ ಮೇಲೂ ಬೆರಳು ಮನೆಗೆ ವಾಪಸಾಗಬೇಕು. ಕಣ್ಣು ಕೆಳಗೆ ಹೋಗುವ ಚಾಳಿ ಬಿಡದಿದ್ದರೆ ಕೈಯ ಮೇಲೆ ಒಂದು ಟವೆಲ್ ಹೊದಿಸಿಕೊಳ್ಳಿ. ನಗಬೇಡಿ, ನಮ್ಮ ಹುಡುಗಿ ಎರಡು ವಾರ ಹಾಗೇ ಮಾಡಿದಳು.

ಎರಡು ಬೆರಳಲ್ಲಿ ಈಗಾಗಲೇ ನಿಮಿಷಕ್ಕೆ 25 ಪದ ಹೊಡೆಯುವವರಿಗೆ ಈ ಹಂತ ಹಿಂಸೆ. ಹತ್ತು ಬೆರಳಿಗೆ ಬದಲಾದ ಕೂಡಲೇ ವೇಗ 12ಕ್ಕೆ ಇಳಿಯಬಹುದು. ಆಗ ‘ಹಳೆಯದೇ ಚೆನ್ನಾಗಿತ್ತು’ ಎಂದು ಹಿಂದಿರುಗಿದವರೇ ಹೆಚ್ಚು. ಹಿಂದಿರುಗಬೇಡಿ ಎನ್ನಲು ಕಾರಣ ಬರೀ ವೇಗವಲ್ಲ, ಅದನ್ನು ಮುಂದೆ ಹೇಳುತ್ತೇನೆ.

ಇನ್ನೊಂದು ವಿಚಿತ್ರ ತೊಡಕು ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡಿ ಕೈ ಪಳಗಿದವರದು. ಅದರ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸದಲ್ಲಿ ‘ಕನ್ನಡ’ ಎಂದು ಮೂಡಿಸಲು `knfnw` ಒತ್ತುತ್ತೇವೆ; ಒತ್ತಕ್ಷರ ಬಂದಲ್ಲೆಲ್ಲ ನಡುವೆ ಎಫ್ ಬೇಕು. ಡಿಟಿಪಿ ಅಂಗಡಿಯಲ್ಲಿ ದಿನವಿಡೀ ಕನ್ನಡ ಹೊಡೆಯುವ ಗೆಳೆಯನೊಬ್ಬ ಇಂಗ್ಲಿಷ್ ಪಠ್ಯ ಶುರುಮಾಡಿದಾಗ ಎರಡು ವ್ಯಂಜನ ಒಟ್ಟಿಗೆ ಬಂದಲ್ಲೆಲ್ಲ ಅವನ ಎಡ ತೋರುಬೆರಳು ತಾನಾಗಿ ಎಫ್ ಒತ್ತಿಬಿಡುತ್ತಿತ್ತು. ಕೆಲಸ ಬಿಡಲಾಗದ ಅವನು ಇಂಗ್ಲಿಷ್ ಅಭ್ಯಾಸವನ್ನು ಬೆಳಗಿನ ಹೊತ್ತಿಗೆ, ಅಂಗಡಿಗೆ ಹೋಗುವ ಮುಂಚಿಗೆ ಬದಲಿಸಿಕೊಂಡ. ತಪ್ಪು ಪೂರ್ತಿ ಹೋಗದಿದ್ದರೂ ಬಹಳ ಇಳಿಯಿತು.

ಅಭ್ಯಾಸ ಮಾಡುವುದು ವರ್ಡ್‌ನಲ್ಲಿ ಬೇಡ. ನೀವು ತಪ್ಪು ಹೊಡೆದರೂ ಅದು ಸದ್ದಿಲ್ಲದೆ ತಿದ್ದಿಬಿಡುತ್ತದೆ, ಪರೀಕ್ಷೆಯಲ್ಲಿ ಆ ಉಪಕಾರ ಮಾಡುವವರು ಯಾರೂ ಇರುವುದಿಲ್ಲ. ನೋಟ್‌ಪ್ಯಾಡ್ ಸಾಕು, ಹೊಸ ಕಂಪ್ಯೂಟರಾದರೆ ಅದರಲ್ಲೂ ಕಾಗುಣಿತ ತಿದ್ದುವ ಸೌಲಭ್ಯವನ್ನು ಆಫ್ ಮಾಡಿ. ಲ್ಯಾಪ್‌ಟಾಪ್ ಇದ್ದವರು ಡೆಸ್ಕ್‌ಟಾಪಿನ ಸಾದಾ ವೈರ್ ಕೀಬೋರ್ಡ್ ಒಂದನ್ನು ತಂದು ಚುಚ್ಚಿಕೊಳ್ಳಿ. ಲ್ಯಾಪ್‌ಟಾಪಿನ ಚಪ್ಪಟೆ ಕೀಗಳಿಗೆ ಒಗ್ಗಿದ ಬೆರಳಿಗೆ ಡೆಸ್ಕ್‌ಟಾಪಿನ ಎತ್ತರದ, ಗಟ್ಟಿ ಕೀಗಳು ಮೊದಮೊದಲು ಭಾರವೆನಿಸುತ್ತವೆ.

ತಪ್ಪುಗಳನ್ನು ಆಯೋಗದಂತೆಯೇ ಎಣಿಸಿ

ಆನ್‌ಲೈನ್ ಟೈಪಿಂಗ್ ತಾಣಗಳು ತೋರಿಸುವ ‘ಶೇ 95 ಅಕ್ಯುರಸಿ’ಯನ್ನು ನಂಬಿ ಕೂರಬೇಡಿ. ಅವು ಸಾಮಾನ್ಯವಾಗಿ ಒತ್ತುವಿಕೆ ಲೆಕ್ಕದಲ್ಲಿ ತಪ್ಪು ಎಣಿಸುತ್ತವೆ, ಆಯೋಗ ಪದದ ಲೆಕ್ಕದಲ್ಲಿ ಎಣಿಸುತ್ತದೆ. ಪದ ಬಿಟ್ಟರೆ, ಬೇರೆ ಪದ ಹಾಕಿದರೆ, ಇಲ್ಲದ ಪದ ಸೇರಿಸಿದರೆ, ಕಾಗುಣಿತ ತಪ್ಪಿದರೆ ಅದು ಪೂರ್ಣ ತಪ್ಪು. ಎರಡು ಪದಗಳ ನಡುವೆ ಸ್ಪೇಸ್ ಬಿಡದಿರುವುದು ಅಥವಾ ಬೇಡದ ಕಡೆ ಬಿಡುವುದು, ದೊಡ್ಡಕ್ಷರ ಸಣ್ಣಕ್ಷರದ ಎಡವಟ್ಟು, ವಿರಾಮಚಿಹ್ನೆಯ ತಪ್ಪು, ಪದಗಳು ಹಿಂದುಮುಂದಾಗುವುದು, ಇವೆಲ್ಲ ಅರ್ಧ ತಪ್ಪು. ಪೂರ್ಣ ತಪ್ಪುಗಳಿಗೆ ಅರ್ಧ ತಪ್ಪುಗಳ ಅರ್ಧ ಸೇರಿಸಿ, ನೂರರಿಂದ ಗುಣಿಸಿ, ಪಠ್ಯದ ಒಟ್ಟು ಪದಗಳಿಂದ ಭಾಗಿಸಿದರೆ ತಪ್ಪಿನ ಪ್ರಮಾಣ ಸಿಗುತ್ತದೆ. ಹಿಂದಿನ ವರ್ಷಗಳಲ್ಲಿ ಸಾಮಾನ್ಯ ವರ್ಗಕ್ಕೆ ಶೇ 7, ಉಳಿದವರಿಗೆ ಶೇ 10ರವರೆಗೆ ವಿನಾಯಿತಿ ಕೊಟ್ಟದ್ದಿದೆ. ನಿಮ್ಮ ವರ್ಷದ್ದನ್ನು ಅಧಿಸೂಚನೆಯಲ್ಲೂ ಫಲಿತಾಂಶದ ಪ್ರಕಟಣೆಯಲ್ಲೂ ನೋಡಿಕೊಳ್ಳಿ.

ಅಕ್ಕನ ಮಗಳ ಒಂದು ದಿನದ ಪಠ್ಯ ತೆಗೆದುಕೊಳ್ಳಿ. 350 ಪದವನ್ನು ಹತ್ತು ನಿಮಿಷದೊಳಗೆ ಮುಗಿಸಿದ್ದಳು, ಖುಷಿಯಲ್ಲಿದ್ದಳು. ಪ್ರಿಂಟ್ ತೆಗೆದು ನಾನು ಪೂರ್ಣ ತಪ್ಪಿಗೆ ಕೆಂಪು, ಅರ್ಧ ತಪ್ಪಿಗೆ ನೀಲಿ ಗುರುತು ಹಾಕಿದೆ. ಕೆಂಪು 14, ನೀಲಿ 18. ಅಂದರೆ 14ಕ್ಕೆ 9 ಸೇರಿ 23. ಪ್ರಮಾಣ ಶೇ 6.57. ಶೇ 7ರ ಮಿತಿಯಾದರೆ ಪಾಸು, ಆದರೆ ಇನ್ನೆರಡು ಕೆಂಪು ಗುರುತು ಬಿದ್ದಿದ್ದರೆ ಶೇ 7.14 ಆಗಿ ಫೇಲು.

ಈಗ ಆ ಗುರುತುಗಳನ್ನೇ ಬಿಡಿಸಿ ನೋಡಿದೆವು. ನೀಲಿ 18ರಲ್ಲಿ 11 ಒಂದೇ ಜಾತಿಯವು: ಪೂರ್ಣವಿರಾಮದ ನಂತರ ಅವಳು ಅಭ್ಯಾಸಬಲದಿಂದ ಎರಡು ಸ್ಪೇಸ್ ಕೊಡುತ್ತಿದ್ದಳು, ಪಠ್ಯದಲ್ಲಿ ಒಂದೇ ಇತ್ತು. ಕೆಂಪು 14ರಲ್ಲಿ ಒಂಬತ್ತು ಒಂದೇ ಜಾಗದಲ್ಲಿದ್ದವು. ಒಂದು ಸಾಲಿನ ಕೊನೆಗೆ ಬಂದ ಪದ ಮುಂದಿನ ಸಾಲಿನಲ್ಲೂ ಅದೇ ಸ್ಥಾನದಲ್ಲಿತ್ತು. ಕಣ್ಣು ಜಾರಿ, ನಡುವಿನ ಒಂಬತ್ತು ಪದ ಹಾರಿಹೋಗಿತ್ತು. ಅದೊಂದೇ ಜಾರಿಗೆ ಶೇ 2.5ಕ್ಕಿಂತ ಹೆಚ್ಚು. ಈ ಎರಡನ್ನು ಕಳೆದರೆ ಉಳಿಯುವುದು ಐದು ಕೆಂಪು, ಏಳು ನೀಲಿ. ಪ್ರಮಾಣ ಶೇ 2.43.

ಕೀ ನೋಡದೆ ಟೈಪ್ ಮಾಡಿ ಎಂದು ಒತ್ತಿ ಹೇಳಿದ್ದು ಇದಕ್ಕೇ. ಕಣ್ಣು ಕೆಳಗೆ ಹೋಗಿ ಮೇಲೆ ಬಂದಾಗಲೆಲ್ಲ ಸಾಲು ತಪ್ಪುವ ಅಪಾಯ. ಎರಡು ಬೆರಳಲ್ಲಿ 35 ಪದ ಮುಟ್ಟುವವರೂ ಬೀಳುವುದು ಹೆಚ್ಚಾಗಿ ಹೀಗೆ ಬಿಟ್ಟ ಸಾಲಿನಲ್ಲೇ.

ಬ್ಯಾಕ್‌ಸ್ಪೇಸ್ ವಿಚಾರದಲ್ಲೂ ಇದೇ ಲೆಕ್ಕ ಹಚ್ಚಿ. ಎರಡು ಪದ ಹಿಂದಿನ ತಪ್ಪು ಕಂಡಿತು ಎನ್ನಿ. ಹನ್ನೆರಡು ಒತ್ತಿ ಅಳಿಸಿ, ಹನ್ನೆರಡು ಒತ್ತಿ ಮತ್ತೆ ಹೊಡೆಯಲು ಸುಮಾರು ಎಂಟು ಸೆಕೆಂಡು ಬೇಕು. ಅಷ್ಟರಲ್ಲಿ ಐದು ಪದ ಮುಂದೆ ಹೋಗಬಹುದಿತ್ತು. ಈಗ ಹೊಡೆಯುತ್ತಿರುವ ಪದದಲ್ಲೇ ತಪ್ಪಾಗಿದ್ದರೆ ತಿದ್ದಿ, ಹಿಂದೆ ಬಿಟ್ಟುಬಂದದ್ದನ್ನು ಬಿಡಿ. ನಿಮ್ಮ ವೇಗ 42–45ಕ್ಕೆ ಏರಿದ ಮೇಲೆ ಈ ನಿಯಮ ಸಡಿಲಿಸಬಹುದು.

ಓದಿನ ಜತೆ ಹೊಂದಿಸುವುದು

ನಾಲ್ಕನೇ ವಾರದಿಂದ ಬೆಳಗಿನ ಹದಿನೈದು ನಿಮಿಷ ಬೆರಳ ಅಭ್ಯಾಸಕ್ಕಿರಲಿ, ಸಂಜೆಯದ್ದನ್ನು ಹತ್ತು ನಿಮಿಷದ ಒಂದು ಪೂರ್ಣ ಪಠ್ಯಕ್ಕೆ ಬದಲಿಸಿ. ಪಠ್ಯ ಎಲ್ಲಿಂದ ತರುವುದು? ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಅಥವಾ ಕೇಂದ್ರ ಸರ್ಕಾರದ ಪತ್ರಿಕಾ ಪ್ರಕಟಣೆ ಸಾಕು. ಅದರಲ್ಲಿ ಅಂಕಿ, ಅಲ್ಪವಿರಾಮ, ಇಲಾಖೆಗಳ ದೊಡ್ಡಕ್ಷರದ ಹೆಸರು ಎಲ್ಲ ಬರುತ್ತವೆ; ಟೈಪಿಂಗ್ ತಾಣಗಳ ಸಲೀಸು ವಾಕ್ಯಗಳಲ್ಲಿ ಇವು ಅಪರೂಪ. ಪಠ್ಯವನ್ನು ಪರದೆಯ ಮೇಲ್ಭಾಗದಲ್ಲಿ, ನೋಟ್‌ಪ್ಯಾಡನ್ನು ಕೆಳಭಾಗದಲ್ಲಿ ಇಟ್ಟುಕೊಂಡು ಪರದೆ ನೋಡಿಯೇ ಹೊಡೆಯುವುದನ್ನು ರೂಢಿಸಿಕೊಳ್ಳಿ. ಆದರೆ ಇದನ್ನು ಇಂಗ್ಲಿಷ್ ಓದಿದ ಲೆಕ್ಕಕ್ಕೆ ಹಾಕಬೇಡಿ. ಬೆರಳು ಓಡುವಾಗ ಅರ್ಥ ತಲೆಗೆ ಇಳಿಯುವುದಿಲ್ಲ, ಇಳಿದರೆ ಬೆರಳು ನಿಲ್ಲುತ್ತದೆ.

ಮೊದಲ ಹಂತದ ಪರೀಕ್ಷೆಗೆ ಹದಿನೈದು ದಿನ ಇರುವಾಗ ಟೈಪಿಂಗನ್ನು ದಿನಕ್ಕೆ ಒಂದೇ ಹತ್ತು ನಿಮಿಷಕ್ಕೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಹದಿನೈದು ದಿನ ಬಿಟ್ಟ ಕೈಯನ್ನು ಮತ್ತೆ ಹಳೆಯ ಹದಕ್ಕೆ ತರಲು ವಾರವಾದರೂ ಬೇಕು.

ಎರಡನೇ ಹಂತಕ್ಕೆ ಅಣಿಯಾಗುವಾಗ ಒಂದು ಬದಲಾವಣೆ ಮಾಡಿ. ಅದರ ಲಿಖಿತ ಭಾಗ ಗಣಿತ–ರೀಸನಿಂಗ್ ಒಂದು ಗಂಟೆ, ಇಂಗ್ಲಿಷ್–ಸಾಮಾನ್ಯ ಜ್ಞಾನ ಒಂದು ಗಂಟೆ, ಕಂಪ್ಯೂಟರ್ ಜ್ಞಾನ 15 ನಿಮಿಷ. ವಾರಕ್ಕೊಮ್ಮೆ ಇಷ್ಟನ್ನೂ ಮಾಕ್ ಆಗಿ ಬರೆದು, ಸ್ವಲ್ಪ ಹೊತ್ತು ಬಿಟ್ಟು, ಅದೇ ದಿನ ಟೈಪಿಂಗ್ ಪರೀಕ್ಷೆಗೆ ಕುಳಿತುಕೊಳ್ಳಿ. ಬೆಳಿಗ್ಗೆ 40 ಪದ ಹೊಡೆಯುತ್ತಿದ್ದ ನಮ್ಮ ಹುಡುಗಿ ಮೊದಲ ಸಲ ಹೀಗೆ ಕುಳಿತಾಗ 34ಕ್ಕೆ ಬಂದಳು, ತಪ್ಪೂ ದುಪ್ಪಟ್ಟಾಯಿತು. ತಾಜಾ ಕೈಯಲ್ಲಿ ಮುಟ್ಟಿದ ವೇಗ ದಣಿದ ಕೈಯಲ್ಲಿ ಉಳಿಯುವುದಿಲ್ಲ. ಮನೆಯಲ್ಲಿ 42 ಪದ, ಶೇ 3ರೊಳಗೆ ತಪ್ಪು ಎಂಬ ಗುರಿ ಇಟ್ಟುಕೊಳ್ಳಲು ಇದೇ ಕಾರಣ.

ಆ ದಿನ

ಕೇಂದ್ರದಲ್ಲಿ ಕೊಟ್ಟ ಕೀಬೋರ್ಡೇ ಗತಿ. ಸಮಯ ಶುರುವಾಗುವ ಮುಂಚೆ ಅವಕಾಶ ಸಿಕ್ಕರೆ ಸ್ಪೇಸ್‌ಬಾರ್, ಎರಡೂ ಶಿಫ್ಟ್, ಬ್ಯಾಕ್‌ಸ್ಪೇಸ್ ಸಲೀಸಾಗಿ ಇಳಿಯುತ್ತವೆಯೇ ನೋಡಿ. ಕಚ್ಚಿಕೊಳ್ಳುವ ಕೀ ಇದ್ದರೆ ಆಗಲೇ ಮೇಲ್ವಿಚಾರಕರಿಗೆ ಹೇಳಿ ಬದಲಿಸಿಕೊಳ್ಳಿ. ಕ್ಯಾಪ್ಸ್ ಲಾಕ್ ದೀಪದ ಮೇಲೆ ಒಂದು ಕಣ್ಣಿರಲಿ. ಮೊದಲ ನಿಮಿಷ ಬೇಕೆಂದೇ ನಿಧಾನ ಮಾಡಿ, ಹೊಸ ಕೀಗಳ ಭಾರ ಬೆರಳಿಗೆ ತಿಳಿಯಲಿ.

ಪಠ್ಯ ಮುಗಿದು ಅರ್ಧ ನಿಮಿಷವೋ ಒಂದು ನಿಮಿಷವೋ ಮಿಕ್ಕಿದರೆ ಮೊದಲಿಂದ ಪದಪದ ಓದಲು ಹೋಗಬೇಡಿ. ಮೇಲಿನ ಪಠ್ಯದ ಪ್ರತಿ ವಾಕ್ಯದ ಮೊದಲ ಎರಡು ಪದ, ಕೊನೆಯ ಎರಡು ಪದ ಮಾತ್ರ ನಿಮ್ಮದರಲ್ಲಿ ಇವೆಯೇ ನೋಡುತ್ತಾ ಇಳಿಯಿರಿ. ಇಡೀ ವಾಕ್ಯ ಹಾರಿಹೋಗಿದ್ದರೆ ಅಲ್ಲೇ ಕಾಣುತ್ತದೆ, ಅಷ್ಟು ಹೊತ್ತಿನಲ್ಲಿ ಅದನ್ನು ಸೇರಿಸಿಬಿಡಬಹುದು.