ಮೊದಲ ಸಂಬಳ ಯಾಕೆ ಲೇಟು: ಪೇರೋಲ್ ಮಾಡುವವಳ ಅನುಭವ

ಬೆಂಗಳೂರಿನ ಒಂದು ಖಾಸಗಿ ಕಂಪನಿಯಲ್ಲಿ ನಾನು ಪೇರೋಲ್ ನೋಡಿಕೊಳ್ಳುತ್ತೇನೆ. ತಿಂಗಳ ಕೊನೆಯ ದಿನ ಸಂಬಳ ಹಾಕಿದ ಮೇಲೆ ಬರುವ ಫೋನುಗಳಲ್ಲಿ ಹೊಸಬರದ್ದೇ ಜಾಸ್ತಿ. "ಮೇಡಂ, ಪಿಜಿ ಬಾಡಿಗೆ ಕಟ್ಟಬೇಕು. ಎಲ್ಲರಿಗೂ ಬಂತು, ನಂಗೆ ಮಾತ್ರ ಬಂದಿಲ್ಲ." ಕಂಪನಿ ಒಂದು ತಿಂಗಳ ಸಂಬಳ ಹಿಡಿದಿಟ್ಟುಕೊಂಡಿದೆ ಅಂತ ಅವರ ಅನುಮಾನ. ನಮ್ಮಲ್ಲಿ ಹಾಗೆ ಹಿಡಿಯುವುದಿಲ್ಲ. ಆ ತಿಂಗಳ ಪಟ್ಟಿ ಮುಚ್ಚಿದ ಮೇಲೆ ಅವರು ಸೇರಿರುತ್ತಾರೆ, ಅಷ್ಟೇ.

ನಮ್ಮ ಕಟ್-ಆಫ್ 20ನೇ ತಾರೀಖು. ಅವತ್ತು ಹಾಜರಿ ಲಾಕ್ ಆಗುತ್ತದೆ. ಆಮೇಲೆ ರಜೆ, ಓವರ್‌ಟೈಮ್, ಪಿಎಫ್, ಟಿಡಿಎಸ್ ಎಲ್ಲ ತಾಳೆ ನೋಡಬೇಕು. ಫೈನಾನ್ಸ್‌ನವರು ಒಪ್ಪಬೇಕು, ಬ್ಯಾಂಕಿಗೆ ಫೈಲು ಹೋಗಬೇಕು. ಹಾಗಾದರೆ 21ರಿಂದ 31ರವರೆಗಿನ ದಿನಗಳ ಕಥೆ? ಹಳಬರಿಗೆ ಆ ದಿನಗಳೆಲ್ಲ ಹಾಜರಿ ಅಂತಲೇ ಹಿಡಿದು ಪೂರ್ತಿ ಸಂಬಳ ಹಾಕುತ್ತೇವೆ. ಯಾರಾದರೂ ರಜೆ ಇಲ್ಲದೆ ತಪ್ಪಿಸಿಕೊಂಡಿದ್ದರೆ ಮುಂದಿನ ತಿಂಗಳು ಕಡಿತ. ಹೊಸಬರಿಗೆ ಹಾಗೆ ಹಿಡಿಯಲು ಬರುವುದಿಲ್ಲ. 20ರಂದು ಅವರಿಗೆ ಎಂಪ್ಲಾಯಿ ನಂಬರ್ ಕೂಡ ಬಂದಿರುವುದಿಲ್ಲ.

ಲೆಕ್ಕ ಹಾಕಿಯೇ ನೋಡೋಣ. ತಿಂಗಳಿಗೆ 31,000 ರೂಪಾಯಿ ಸಂಬಳದವರು 2025ರ ಡಿಸೆಂಬರ್ 22, ಸೋಮವಾರ ಸೇರಿದರು ಅಂದುಕೊಳ್ಳಿ. ಡಿಸೆಂಬರ್ 31ಕ್ಕೆ ಅವರಿಗೆ ಏನೂ ಬರುವುದಿಲ್ಲ. ಜನವರಿ 31ಕ್ಕೆ ಜನವರಿಯ 31,000ದ ಜೊತೆ ಡಿಸೆಂಬರಿನ 10 ದಿನದ್ದು ಅರಿಯರ್ಸ್ ಅಂತ ಸೇರುತ್ತದೆ. ಅಂದರೆ ಸೇರಿ ನಲವತ್ತು ದಿನದ ಮೇಲೆ ಮೊದಲ ದುಡ್ಡು. ಅದೇ ಮನುಷ್ಯ ಹಿಂದಿನ ಗುರುವಾರ, 18ಕ್ಕೆ ಸೇರಿದ್ದರೆ ಡಿಸೆಂಬರ್ ಪಟ್ಟಿಗೇ ಸೇರುತ್ತಿದ್ದರು.

ಆ 10 ದಿನಕ್ಕೆ ಎಷ್ಟು ಅನ್ನುವುದೂ ಕಂಪನಿಯಿಂದ ಕಂಪನಿಗೆ ಬೇರೆ. ನಾವು ಕ್ಯಾಲೆಂಡರ್ ದಿನ ಹಿಡಿಯುತ್ತೇವೆ: 31,000 ಭಾಗಿಸು 31, ಗುಣಿಸು 10, ಸರಿಯಾಗಿ 10,000. ತಿಂಗಳು ಯಾವುದಾದರೂ 30 ಅಂತ ಹಿಡಿಯುವ ಕಡೆ 10,333 ಆಗುತ್ತದೆ. ಫ್ಯಾಕ್ಟರಿಗಳಲ್ಲಿ ಭಾನುವಾರ ಬಿಟ್ಟು 26ರಿಂದ ಭಾಗಿಸುವ ರೂಢಿ ಇದೆ. ಅಲ್ಲಿ ದಿನವೂ 9 ಆಗುತ್ತದೆ, ಯಾಕೆಂದರೆ 28 ಭಾನುವಾರ, ಮೊತ್ತ 10,731. ಮೂರೂ ನಡೆಯುತ್ತದೆ. ಆದರೆ 26ರಿಂದ ಭಾಗಿಸಿ ಭಾನುವಾರವನ್ನೂ ಎಣಿಸಿದರೆ ಜಾಸ್ತಿ ಹೋಗುತ್ತದೆ, 31ರಿಂದ ಭಾಗಿಸಿ ಭಾನುವಾರ ಬಿಟ್ಟರೆ ನೌಕರರಿಗೆ ಮೋಸ. ಪೇಸ್ಲಿಪ್‌ನಲ್ಲಿ ಮೊತ್ತಕ್ಕಿಂತ ಮೊದಲು ಈ ದಿನಗಳನ್ನು ನೋಡಿ.

ಮುಂದಿನ ತಿಂಗಳಿಗೆ ತಳ್ಳುವುದು ನಮಗೇನೋ ಸಲೀಸು, ಆದರೆ ಕಾನೂನಿಗೆ ಹೊಂದುವುದಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಕೊಡಬೇಕು. ಡಿಸೆಂಬರಿನ ಆ 10 ದಿನದ ದುಡ್ಡಿಗೂ ಇದೇ ಗಡುವು. ಹಾಗಾಗಿ ಫೈನಾನ್ಸ್‌ನವರ ಹಿಂದೆ ಬಿದ್ದು 5ನೇ ತಾರೀಖಿಗೆ ಹೊಸಬರದ್ದೇ ಒಂದು ಚಿಕ್ಕ ಪಟ್ಟಿ ಓಡಿಸುವ ಪದ್ಧತಿ ಮಾಡಿಕೊಂಡೆ. ಕಟ್-ಆಫ್ ಆದಮೇಲೆ ಸೇರಿದವರು ಮಾತ್ರ ಅದರಲ್ಲಿರುತ್ತಾರೆ. ತಿಂಗಳು ಮುಗಿದಿರುವುದರಿಂದ ಹಾಜರಿಯನ್ನು ಊಹಿಸುವ ಪ್ರಶ್ನೆ ಇಲ್ಲ. ಡಿಸೆಂಬರಿನ ಪಿಎಫ್ ಕಟ್ಟಲು ಜನವರಿ 15ರವರೆಗೆ ಸಮಯ ಇರುವುದರಿಂದ ಆ 10 ದಿನ ಆಯಾ ತಿಂಗಳ ಲೆಕ್ಕಕ್ಕೇ ಹೋಗುತ್ತದೆ.

ಪಟ್ಟಿಯಲ್ಲಿ ಹೆಸರಿದ್ದೂ ದುಡ್ಡು ಬರದವರು ಇನ್ನೊಂದು ಗುಂಪು. ಇವರದ್ದು ಬ್ಯಾಂಕಿನ ಸಮಸ್ಯೆ. ಮನೆಯಲ್ಲಿದ್ದ ಹಳೆಯ ಪಾಸ್‌ಬುಕ್ ನೋಡಿ SYNB ಅಂತ ಶುರುವಾಗುವ IFSC ಬರೆದುಕೊಡುತ್ತಾರೆ. ಸಿಂಡಿಕೇಟ್ ಬ್ಯಾಂಕ್ 2020ರಲ್ಲೇ ಕೆನರಾ ಬ್ಯಾಂಕಿನಲ್ಲಿ ಸೇರಿಹೋಗಿದೆ, ಈಗ ಆ ಕೋಡು CNRB ಅಂತ ಶುರುವಾಗಬೇಕು. ವಿಜಯಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕಿನ ಹಳೆ ಕೋಡುಗಳದ್ದೂ ಇದೇ ಪಾಡು. ಇನ್ನು ಕೆಲವರು 11 ಅಕ್ಷರದ ಕೋಡಿನಲ್ಲಿ ಐದನೆಯದನ್ನು O ಅಂತ ಬರೆಯುತ್ತಾರೆ. ಅದು ಯಾವಾಗಲೂ ಸೊನ್ನೆ. ಈಗ ಸೇರಿದ ದಿನವೇ ಕ್ಯಾನ್ಸಲ್ ಮಾಡಿದ ಚೆಕ್ ತೆಗೆದುಕೊಂಡು, ಖಾತೆಗೆ 1 ರೂಪಾಯಿ ಹಾಕಿ ಹೆಸರು ಸರಿ ಇದೆಯಾ ಅಂತ ನೋಡಿಬಿಡುತ್ತೇನೆ. ಒಂದು ರೂಪಾಯಿ ಯಾಕೆ ಬಂತು ಅಂತ ಕೇಳಿದವರೂ ಇದ್ದಾರೆ!

ಸೇರುವ ತಾರೀಖು ನಿಮ್ಮ ಕೈಯಲ್ಲಿದ್ದರೆ ಎಚ್‌ಆರ್‌ಗೆ ಫೋನ್ ಮಾಡಿ ಕಟ್-ಆಫ್ ಯಾವತ್ತು, ಅದು ದಾಟಿದರೆ ದುಡ್ಡು ಯಾವತ್ತು ಅಂತ ಎರಡೇ ಮಾತು ಕೇಳಿ. ಹಾಗೇ 1ನೇ ತಾರೀಖು ಭಾನುವಾರ ಬಿದ್ದರೆ ಆಫರ್ ಲೆಟರಿನಲ್ಲಿ 2ನೇ ತಾರೀಖು ಹಾಕುತ್ತಾರೆ. 2026ರ ಮಾರ್ಚಿನಲ್ಲಿ ಹಾಗೇ ಬೀಳುತ್ತದೆ. ಕ್ಯಾಲೆಂಡರ್ ದಿನ ಎಣಿಸುವ ಕಡೆ ಆ ತಿಂಗಳು 31ಕ್ಕೆ 30 ದಿನದ ಸಂಬಳ. ಕೇಳಿಕೊಂಡರೆ ಸೇರಿದ ದಿನವನ್ನು 1 ಅಂತಲೇ ಬರೆದುಕೊಡುವ ಎಚ್‌ಆರ್‌ನವರೂ ಉಂಟು, ಆದರೆ ಲೆಟರ್‌ಗೆ ಸಹಿ ಹಾಕುವ ಮೊದಲೇ ಕೇಳಬೇಕು.