ತರಗತಿ ಶುರುವಾಗುವ ಮೊದಲೇ ಬಿಟ್ಟರೆ ಕೋಚಿಂಗ್ ಫೀ ವಾಪಸ್ ಕೇಳುವುದು ಹೇಗೆ?

ಮಂಡ್ಯದ ಒಬ್ಬ ತಂದೆ ಮಗಳನ್ನು ಮೈಸೂರಿನ ಒಂದು ಕೋಚಿಂಗ್ ಸೆಂಟರಿನ ನೀಟ್ ಲಾಂಗ್ ಟರ್ಮ್ ಬ್ಯಾಚಿಗೆ ಸೇರಿಸಿದರು ಎಂದುಕೊಳ್ಳಿ. ಮೇ 22ಕ್ಕೆ ಪೂರ್ತಿ ಹಣ ಕಟ್ಟಿದರು. ಫೀ 60,000 ರೂಪಾಯಿ, ಅದರಲ್ಲಿ 5,000 ರೂಪಾಯಿ ನೋಂದಣಿ ಶುಲ್ಕ. ಮೇಲೆ ಶೇ 18ರಷ್ಟು ಜಿಎಸ್‌ಟಿ, ಅಂದರೆ 10,800. ಒಟ್ಟು 70,800. ಬ್ಯಾಚ್ ಶುರುವಾಗುವುದು ಜೂನ್ 16ಕ್ಕೆ. ಜೂನ್ ಮೊದಲ ವಾರದಲ್ಲಿ ಮಗಳು, 'ಇನ್ನೊಂದು ವರ್ಷ ನೀಟ್ ಬೇಡಪ್ಪ, ಬಿಎಸ್ಸಿ ಸೇರ್ತೀನಿ' ಅಂದಳು. ಫೋನ್ ಮಾಡಿದರೆ ಸೆಂಟರಿನವರದು ಒಂದೇ ಮಾತು: 'ಒಮ್ಮೆ ಕಟ್ಟಿದ ಫೀ ವಾಪಸ್ ಬರಲ್ಲ ಸಾರ್, ರಸೀದಿಯ ಹಿಂದೆಯೇ ಬರೆದಿದೆ.'

ಇಂಥ ಸಂದರ್ಭದಲ್ಲಿ ಪತ್ರ ಬರೆಯಲೇಬೇಕು. ಫೋನಿನಲ್ಲಿ ಎಷ್ಟು ಜಗಳ ಮಾಡಿದರೂ ಅದಕ್ಕೆ ದಾಖಲೆ ಇರುವುದಿಲ್ಲ.

ಮೊದಲು ದಿನಾಂಕ ಗಟ್ಟಿ ಮಾಡಿಕೊಳ್ಳಿ

ನಿಮ್ಮ ಪಾಲಿಗೆ ದೊಡ್ಡ ಬಲ ಎಂದರೆ 'ತರಗತಿ ಶುರುವಾಗುವ ಮೊದಲೇ ತಿಳಿಸಿದ್ದೇವೆ' ಎನ್ನುವುದು. ಇದಕ್ಕೆ ಎರಡು ಸಾಕ್ಷಿ ಬೇಕು. ಬ್ಯಾಚ್ ಶುರುವಾಗುವ ದಿನ ತಿಳಿಸಿದ ವಾಟ್ಸಾಪ್ ಸಂದೇಶ ಅಥವಾ ಪಾಂಪ್ಲೆಟ್ ಒಂದು, ನೀವು ಬಿಡುತ್ತೇವೆಂದು ತಿಳಿಸಿದ ದಿನದ ದಾಖಲೆ ಇನ್ನೊಂದು. ಆದ್ದರಿಂದ ಮನೆಯಲ್ಲಿ ತೀರ್ಮಾನ ಆದ ದಿನವೇ ಎರಡು ಸಾಲಿನ ಇಮೇಲ್ ಅಥವಾ ವಾಟ್ಸಾಪ್ ಕಳಿಸಿಬಿಡಿ. ದೊಡ್ಡ ಪತ್ರ ಆಮೇಲೆ ಬರೆದರೂ ನಡೆಯುತ್ತದೆ. 'ಮುಂದಿನ ವಾರ ಮ್ಯಾನೇಜರ್ ಬರ್ತಾರೆ, ಆಗ ಮಾತಾಡಿ' ಎಂದರೆ ಕಾಯಬೇಡಿ. ಆ ವಾರದಲ್ಲಿ ತರಗತಿ ಶುರುವಾಗಿಬಿಟ್ಟಿರುತ್ತದೆ!

ಪತ್ರ ಯಾರ ಹೆಸರಿಗೆ?

ಬೋರ್ಡಿನ ಮೇಲಿರುವ ಹೆಸರನ್ನು ನೋಡಿ ಬರೆದರೆ ಸಾಲದು. ಎಷ್ಟೋ ಸೆಂಟರುಗಳು ಫ್ರಾಂಚೈಸಿಗಳು. ಹೆಸರು ಒಬ್ಬರದು, ದುಡ್ಡು ಹೋಗುವುದು ಇನ್ನೊಬ್ಬರ ಖಾತೆಗೆ. ರಸೀದಿಯಲ್ಲಿ ಜಿಎಸ್‌ಟಿ ಸಂಖ್ಯೆಯ ಜೊತೆ ಅಚ್ಚಾಗಿರುವ ಸಂಸ್ಥೆ ಯಾವುದು, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಹಣ ಯಾರಿಗೆ ಹೋಗಿದೆ ಎಂದು ನೋಡಿ. ಆ ಹೆಸರಿಗೇ ಬರೆಯಿರಿ. ಮುಖ್ಯ ಕಚೇರಿ ಬೇರೆ ಊರಲ್ಲಿದ್ದರೆ ಅಲ್ಲಿಗೂ ಒಂದು ಪ್ರತಿ ಹೋಗಲಿ. ಮಗಳಿಗೆ 18 ತುಂಬಿದ್ದರೆ ಅವಳ ಸಹಿಯೂ ಇರಲಿ. ಇಲ್ಲದಿದ್ದರೆ 'ವಿದ್ಯಾರ್ಥಿ ಬಿಡ್ತೀನಿ ಅಂದಿಲ್ಲವಲ್ಲ' ಎಂಬ ನೆಪ ಸಿಗುತ್ತದೆ.

ಪತ್ರ ಹೀಗಿರಲಿ

ಒಂದು ಪುಟ ದಾಟಬೇಡಿ. ಮನೆಯ ಕಷ್ಟ, ಸೆಂಟರಿನ ಬಗ್ಗೆ ಸಿಟ್ಟು ಎರಡೂ ಬೇಡ.

ವಿಷಯ: ತರಗತಿ ಆರಂಭಕ್ಕೆ ಮೊದಲೇ ಪ್ರವೇಶ ರದ್ದು ಮಾಡಿ ಶುಲ್ಕ ಹಿಂದಿರುಗಿಸುವ ಬಗ್ಗೆ

ಮಾನ್ಯರೇ,
ನನ್ನ ಮಗಳು (ಹೆಸರು, ನೋಂದಣಿ ಸಂಖ್ಯೆ) ನಿಮ್ಮ ಮೈಸೂರು ಕೇಂದ್ರದ ನೀಟ್ ಲಾಂಗ್ ಟರ್ಮ್ ಬ್ಯಾಚಿಗೆ ಮೇ 22ರಂದು ಸೇರಿದ್ದಳು. ರಸೀದಿ ಸಂಖ್ಯೆ (–) ಪ್ರಕಾರ ಜಿಎಸ್‌ಟಿ ಸೇರಿ 70,800 ರೂಪಾಯಿ ಕಟ್ಟಿದ್ದೇನೆ. ನೀವು ತಿಳಿಸಿದಂತೆ ತರಗತಿಗಳು ಜೂನ್ 16ರಂದು ಆರಂಭವಾಗಲಿವೆ. ಅವಳು ಪದವಿ ಕೋರ್ಸಿಗೆ ಸೇರುತ್ತಿರುವುದರಿಂದ ಕೋಚಿಂಗಿಗೆ ಬರುವುದಿಲ್ಲ ಎಂದು ಜೂನ್ 7ರಂದು ಇಮೇಲ್ ಮೂಲಕ ತಿಳಿಸಿದ್ದೇನೆ. ಅವಳು ಒಂದು ತರಗತಿಗೂ ಹಾಜರಾಗಿಲ್ಲ. ನೀವು ಕೊಟ್ಟ ಪುಸ್ತಕದ ಸೆಟ್ ಬಳಸಿಲ್ಲ, ಅದನ್ನು ಹಿಂದಿರುಗಿಸಲು ಸಿದ್ಧ.
ಸೇವೆಯನ್ನೇ ಪಡೆಯದ ಕಾರಣ 70,800 ರೂಪಾಯಿಯನ್ನು ಈ ಪತ್ರ ತಲುಪಿದ 10 ದಿನದೊಳಗೆ ಕೆಳಗಿನ ಖಾತೆಗೆ ಜಮಾ ಮಾಡಬೇಕಾಗಿ ಕೋರುತ್ತೇನೆ. ಯಾವುದಾದರೂ ಮೊತ್ತವನ್ನು ಕಡಿತ ಮಾಡುವುದಾದರೆ, ಯಾವ ಖರ್ಚಿಗೆ ಎಷ್ಟು ಎಂದು ಲಿಖಿತವಾಗಿ ತಿಳಿಸಿ. ಹಣ ಬಾರದಿದ್ದರೆ ಗ್ರಾಹಕರ ಸಂರಕ್ಷಣಾ ಕಾಯ್ದೆ, 2019ರ ಅಡಿ ದೂರು ನೀಡಬೇಕಾಗುತ್ತದೆ.

ಕೆಳಗೆ ಖಾತೆಯ ವಿವರ, ಇಬ್ಬರ ಸಹಿ, ದಿನಾಂಕ. ರಸೀದಿ, ಇಮೇಲ್ ಮತ್ತು ಬ್ಯಾಚ್ ದಿನಾಂಕದ ಸಂದೇಶದ ಜೆರಾಕ್ಸ್ ಲಗತ್ತಿಸಿ. ಅಸಲು ರಸೀದಿ ಮಾತ್ರ ಯಾರು ಕೇಳಿದರೂ ಕೊಡಬೇಡಿ. ಕೈಯಲ್ಲೇ ಕೊಡುವುದಾದರೆ ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಹಾಕಲ್ಲ ಎಂದರೆ ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ ಮೇಲೆ ಟ್ರ್ಯಾಕಿಂಗ್ ಪುಟವನ್ನು ಪ್ರಿಂಟ್ ತೆಗೆದಿಡಿ.

10 ದಿನ ಎಂಬುದು ಸುಮ್ನೆ ಹಾಕಿದ್ದಲ್ಲ. ಕೇಂದ್ರ ಶಿಕ್ಷಣ ಸಚಿವಾಲಯ ಕೋಚಿಂಗ್ ಸೆಂಟರುಗಳಿಗಾಗಿ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತು. ಪೂರ್ತಿ ಫೀ ಕಟ್ಟಿದ ವಿದ್ಯಾರ್ಥಿ ನಡುವೆ ಬಿಟ್ಟರೆ, ಉಳಿದ ಅವಧಿಯ ಫೀಯನ್ನು 10 ದಿನದಲ್ಲಿ ವಾಪಸ್ ಕೊಡಬೇಕು ಎಂದು ಅದರಲ್ಲಿದೆ. ಹಾಸ್ಟೆಲ್, ಮೆಸ್ ಹಣಕ್ಕೂ ಇದೇ ಲೆಕ್ಕ. ನಡುವೆ ಬಿಟ್ಟವರಿಗೇ ಹೀಗಾದರೆ, ಶುರುವೇ ಮಾಡದವರಿಗೆ ಇಡೀ ಅವಧಿಯೇ ಉಳಿದಿದೆ, ಅಲ್ವಾ? ಆದರೆ ಇದು ರಾಜ್ಯಗಳಿಗೆ ಕೊಟ್ಟ ಮಾರ್ಗಸೂಚಿ, ಕಾಯ್ದೆಯಲ್ಲ. ಹಾಗಾಗಿ 'ಕಾನೂನು ಮುರಿದಿದ್ದೀರಿ' ಎಂದು ಅದನ್ನು ತೋರಿಸಿ ಹೆದರಿಸಬೇಡಿ. ಕಾನೂನಿನ ಬಲ ಇರುವುದು ಗ್ರಾಹಕರ ಕಾಯ್ದೆಯಲ್ಲಿ. ಕೋಚಿಂಗ್ ಸೆಂಟರುಗಳು ಶಾಲೆ ಕಾಲೇಜಿಗೆ ಸಮ ಅಲ್ಲ, ಅವುಗಳ ಮೇಲಿನ ದೂರನ್ನು ಗ್ರಾಹಕ ಆಯೋಗಗಳು ಕೇಳಬಹುದು ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರಲ್ಲಿ ಹೇಳಿದೆ.

ಅವರು ಹೇಳುವ ಮಾತುಗಳು

'ಜಿಎಸ್‌ಟಿ ಸರ್ಕಾರಕ್ಕೆ ಕಟ್ಟಿಬಿಟ್ಟಿದ್ದೇವೆ' ಎನ್ನುವುದು ಸಾಮಾನ್ಯ ಉತ್ತರ. ಇದನ್ನು ನಂಬಿ 10,800 ಬಿಟ್ಟುಕೊಡುವವರು ಇದ್ದಾರೆ. ಮುಂಗಡ ಪಡೆದು ಸೇವೆಯನ್ನೇ ಕೊಡದಿದ್ದರೆ ರೀಫಂಡ್ ವೋಚರ್, ಟ್ಯಾಕ್ಸ್ ಇನ್‌ವಾಯ್ಸ್ ಕೊಟ್ಟಿದ್ದರೆ ಕ್ರೆಡಿಟ್ ನೋಟ್ ಕೊಡಲು ಜಿಎಸ್‌ಟಿ ಕಾಯ್ದೆಯಲ್ಲೇ ದಾರಿ ಇದೆ. ಅದರ ಮೂಲಕ ಅವರು ತೆರಿಗೆ ಸರಿಹೊಂದಿಸಿಕೊಳ್ಳಬಹುದು. ಇದನ್ನು ಅಕೌಂಟ್ಸ್ ನೋಡುವವರ ಬಳಿಯೇ ಮಾತಾಡಿ, ಕೌನ್ಸೆಲರ್ ಬಳಿ ಅಲ್ಲ.

'ನೀವು ಸಹಿ ಹಾಕಿದ ಫಾರಂನಲ್ಲಿ ನೋ ರೀಫಂಡ್ ಇದೆ' ಎಂಬುದು ಇನ್ನೊಂದು. ಏಕಪಕ್ಷೀಯ ಷರತ್ತನ್ನು ಪ್ರಶ್ನಿಸಬಹುದು. ಕಾಂಟ್ರಾಕ್ಟ್ ಕಾಯ್ದೆಯ 74ನೇ ಸೆಕ್ಷನ್ ಕೂಡ ಒಪ್ಪಂದ ಮುರಿದವರಿಂದ ನ್ಯಾಯವಾದಷ್ಟು ಪರಿಹಾರಕ್ಕೆ ಮಾತ್ರ ಅವಕಾಶ ಕೊಡುತ್ತದೆ. ಇಷ್ಟಾದರೂ ಪೂರ್ತಿ ಹಣ ಬಂದೇ ಬರುತ್ತದೆ ಎನ್ನಲಾಗದು. ನನ್ನನ್ನು ಕೇಳಿದರೆ, ಪತ್ರದಲ್ಲಿ 70,800 ಕೇಳಿ. ನೋಂದಣಿಯ 5,000 ಮಾತ್ರ ಇಟ್ಟುಕೊಂಡು ಉಳಿದದ್ದು ಕೊಡುತ್ತೇವೆ ಎಂದರೆ ಒಪ್ಪಿಕೊಳ್ಳಿ. 'ಮುಂದಿನ ವರ್ಷದ ಬ್ಯಾಚಿಗೆ ಅಡ್ಜಸ್ಟ್ ಮಾಡ್ತೀವಿ' ಎಂದರೆ ಮಾತ್ರ ಬೇಡ. ಮಗಳು ಬಿಎಸ್ಸಿ ಓದುವಾಗ ಆ ಸೀಟು ಏನಕ್ಕೆ?

ಇಎಂಐ ಸಾಲದಲ್ಲಿ ಕಟ್ಟಿದ್ದರೆ ಫೈನಾನ್ಸ್ ಕಂಪನಿಗೂ ಅದೇ ದಿನ ಬರೆಯಿರಿ. ಪ್ರವೇಶ ರದ್ದಾದ ಮಾತ್ರಕ್ಕೆ ಕಂತು ತಾನಾಗಿ ನಿಲ್ಲುವುದಿಲ್ಲ. ಕಂತು ತಪ್ಪಿಸಿದರೆ ನಿಮ್ಮ ಸಿಬಿಲ್ ಸ್ಕೋರ್ ಕೆಡುತ್ತದೆ.

ಉತ್ತರವೇ ಬರದಿದ್ದರೆ

ಒಂದು ಹದಿನೈದು ದಿನ ನೋಡಿ. ನಂತರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅವರು ಆದೇಶ ಕೊಡುವುದಿಲ್ಲ, ಸೆಂಟರಿಗೆ ದೂರು ಕಳಿಸಿ ಉತ್ತರ ಕೇಳುತ್ತಾರೆ. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಸೆಂಟರ್ ಮೈಸೂರಿನಲ್ಲಿದ್ದರೂ ನೀವು ಮಂಡ್ಯದಲ್ಲಿ ವಾಸವಿದ್ದರೆ ಮಂಡ್ಯದ ಆಯೋಗದಲ್ಲೇ ದೂರು ಕೊಡಬಹುದು. 2019ರ ಕಾಯ್ದೆ ತಂದ ಅನುಕೂಲ ಇದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ, e-jagriti.gov.in ಮೂಲಕ ಮನೆಯಿಂದಲೇ ಸಲ್ಲಿಸಬಹುದು. ಎರಡು ವರ್ಷದ ಗಡುವು ಇದೆ.

ಇಷ್ಟರೊಳಗೆ ಸೆಂಟರಿನವರು ಕರೆದು, ಅರ್ಧ ಹಣದ ಚೆಕ್ಕಿನ ಜೊತೆ ಒಂದು ಕಾಗದಕ್ಕೆ ಸಹಿ ಕೇಳಬಹುದು. 'ಪೂರ್ಣ ಮತ್ತು ಅಂತಿಮ ತೀರುವಳಿ' ಎಂದು ಅದರಲ್ಲಿದ್ದರೆ, ಉಳಿದದ್ದನ್ನು ಆಮೇಲೆ ಕೇಳುವುದು ಬಹಳ ಕಷ್ಟ. 'ಭಾಗಶಃ ಪಡೆದಿದ್ದೇನೆ' ಎಂದು ತಿದ್ದಿಸಿ ಸಹಿ ಮಾಡಿ. ತಿದ್ದಲ್ಲ ಎಂದರೆ ಚೆಕ್ ಅಲ್ಲೇ ಬಿಟ್ಟು ಬನ್ನಿ.