ಇಮೇಲ್ ಸೋರಿದೆಯಾ? ಮೊದಲು ಜಿಮೇಲ್‌ನಿಂದಲೇ ಶುರು ಮಾಡಿ

ಯಾವ ಆ್ಯಪ್‌ನಿಂದ ಮಾಹಿತಿ ಸೋರಿತೋ ಅದರ ಪಾಸ್‌ವರ್ಡ್ ಬದಲಿಸಿ ಸುಮ್ಮನಾಗುವವರೇ ಜಾಸ್ತಿ. ನಿಜಕ್ಕೂ ಅದು ಕೊನೆಗೆ ಮಾಡಬೇಕಾದ ಕೆಲಸ.

ಸೋರಿದೆಯಾ ಅಂತ ನೋಡುವುದು ಸುಲಭ. haveibeenpwned.com ತೆರೆದು ಇಮೇಲ್ ವಿಳಾಸ ಹಾಕಿದರೆ ಸಾಕು. ಆಸ್ಟ್ರೇಲಿಯಾದ ಟ್ರಾಯ್ ಹಂಟ್ 2013ರಲ್ಲಿ ಶುರು ಮಾಡಿದ ತಾಣ ಇದು. ಹೀಗೆ ನೋಡುವುದಕ್ಕೆ ದುಡ್ಡೂ ಬೇಡ, ಪಾಸ್‌ವರ್ಡೂ ಬೇಡ. ‘ಡಾರ್ಕ್ ವೆಬ್ ಸ್ಕ್ಯಾನ್’ ಅಂತ ಹಣ ಕೀಳುವ ಆ್ಯಪ್‌ಗಳ ಸಹವಾಸಕ್ಕೆ ಹೋಗಬೇಡಿ.

ನಿಮ್ಮ ಇಮೇಲ್ ಸಿಕ್ಕಿತು ಅಂದರೆ ಏನೇನು ಸೋರಿದೆ ಅನ್ನುವ ಸಾಲು ಓದಿ. 2021ರ ಡಾಮಿನೋಸ್ ಇಂಡಿಯಾ ಸೋರಿಕೆಯಲ್ಲಿ ಹೆಸರು, ಫೋನ್ ನಂಬರ್, ವಿಳಾಸ ಇದ್ದವು, ಪಾಸ್‌ವರ್ಡ್ ಇರಲಿಲ್ಲ. ಅಂಥ ಕಡೆ ಮೋಸದ ಕರೆಗಳ ಬಗ್ಗೆ ಎಚ್ಚರವಿದ್ದರೆ ಆಯಿತು. ಆ ಸಾಲಿನಲ್ಲಿ Passwords ಅಂತ ಇದ್ದರೆ ಮಾತ್ರ ತಡ ಮಾಡಬೇಡಿ.

ಮೂಡಿಗೆರೆ ಹತ್ತಿರ ಹೋಂಸ್ಟೇ ನಡೆಸುವ ಪರಿಚಯದವರೊಬ್ಬರಿಗೆ ಹೀಗೇ ಆಯಿತು. ಸೋರಿದ್ದು ಯಾವುದೋ ಹಳೆಯ ಶಾಪಿಂಗ್ ತಾಣ. ಆದರೆ ಅದೇ ಪಾಸ್‌ವರ್ಡ್ ಜಿಮೇಲ್‌ಗೂ ಇತ್ತು, ಬುಕಿಂಗ್ ತಾಣಕ್ಕೂ ಇತ್ತು. ಜಿಮೇಲ್ ಯಾವ ಕಳ್ಳನ ಕೈಗೆ ಸಿಕ್ಕಿತೋ ಅವನು ಬುಕಿಂಗ್ ತಾಣದಲ್ಲಿ ‘ಪಾಸ್‌ವರ್ಡ್ ಮರೆತಿದೆ’ ಅಂತ ಒತ್ತಿದರೆ ಸಾಕು, ಹೊಸ ಪಾಸ್‌ವರ್ಡ್ ಇಡುವ ಲಿಂಕ್ ಅವನಿಗೇ ಬರುತ್ತದೆ. ಆದ್ದರಿಂದ ಜಿಮೇಲ್ ಮೊದಲು.

ಪಾಸ್‌ವರ್ಡ್ ಬದಲಿಸಿದ ಮೇಲೂ ಮೂರು ಜಾಗ ನೋಡಲೇಬೇಕು. ಗೂಗಲ್ ಖಾತೆಯ ಸೆಕ್ಯೂರಿಟಿ ಪುಟದಲ್ಲಿ ರಿಕವರಿ ಫೋನ್ ನಂಬರ್ ಯಾರದ್ದಿದೆ? ಇವರದ್ದರಲ್ಲಿ ಇದ್ದದ್ದು ಖಾತೆ ಮಾಡಿಕೊಟ್ಟ ಜೆರಾಕ್ಸ್ ಅಂಗಡಿ ಹುಡುಗನ ನಂಬರ್! ನಮ್ಮೂರ ಕಡೆ ಇದು ಅಪರೂಪವೇನಲ್ಲ, ಅಲ್ವಾ? ಅದೇ ಪುಟದಲ್ಲಿ ಯಾವ ಯಾವ ಫೋನ್, ಕಂಪ್ಯೂಟರ್‌ಗಳಲ್ಲಿ ಖಾತೆ ತೆರೆದಿದೆ ಅಂತ ನೋಡಿ, ಗುರುತಿಲ್ಲದ್ದನ್ನು ಸೈನ್ ಔಟ್ ಮಾಡಿ. ಮೂರನೆಯದನ್ನು ಯಾರೂ ನೋಡುವುದಿಲ್ಲ. ಕಂಪ್ಯೂಟರ್‌ನಲ್ಲಿ ಜಿಮೇಲ್ ಸೆಟ್ಟಿಂಗ್ಸ್ ತೆರೆದು Forwarding and POP/IMAP ಮತ್ತು Filters ನೋಡಿ. ಕಳ್ಳ ಅಲ್ಲಿ ತನ್ನ ವಿಳಾಸ ಹಾಕಿದ್ದರೆ, ಪಾಸ್‌ವರ್ಡ್ ಬದಲಾದರೂ ನಿಮ್ಮ ಮೇಲ್ ಅವನಿಗೆ ಹೋಗುತ್ತಲೇ ಇರುತ್ತದೆ. ಆಮೇಲೆ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಖಾತ್ರಿಯನ್ನೂ ಕೇಳುವ ಎರಡು ಹಂತದ ದೃಢೀಕರಣ ಹಾಕಿ.

ನಂತರ ಅದೇ ಪಾಸ್‌ವರ್ಡ್ ಇರುವ ಕಡೆಗೆಲ್ಲ ಹೋಗಿ. ನೆಟ್‌ಬ್ಯಾಂಕಿಂಗ್ ಇದ್ದರೆ ಅದು ಮೊದಲು, ಬಳಿಕ ಬುಕಿಂಗ್ ತಾಣ, ಆಮೇಲೆ ಫೇಸ್‌ಬುಕ್. ಹಳೆಯ ಶಾಪಿಂಗ್ ಖಾತೆ ಬೇಕಿಲ್ಲದಿದ್ದರೆ ಅಳಿಸಿಬಿಡಿ.

Malnad@123 ಇದ್ದದ್ದನ್ನು Malnad@1234 ಮಾಡಿದರೆ ಬದಲಿಸಿದ ಹಾಗಲ್ಲ. ಇಂಥ ಊಹೆಗಳನ್ನು ಕಳ್ಳರ ತಂತ್ರಾಂಶ ಮೊದಲೇ ಪರೀಕ್ಷಿಸುತ್ತದೆ. ಒಂದೊಂದಕ್ಕೂ ಬೇರೆ ಪಾಸ್‌ವರ್ಡ್ ಇಡಿ. ನೆನಪಿರದಿದ್ದರೆ ನೋಟ್‌ಬುಕ್ಕಿನಲ್ಲಿ ಬರೆದು ಬೀರುವಿನಲ್ಲಿಡಿ. ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳುವುದಕ್ಕಿಂತ ಅದು ಎಷ್ಟೋ ವಾಸಿ.

ತಾಣದಲ್ಲಿ ನಿಮ್ಮ ಇಮೇಲ್ ಸಿಗದಿದ್ದರೆ ಅಲ್ಲಿಗೆ ತಲುಪಿದ ಸೋರಿಕೆಗಳಲ್ಲಿ ಅದು ಇಲ್ಲ ಎಂದಷ್ಟೇ ಅರ್ಥ. ಅಲ್ಲೇ Notify me ಒತ್ತಿ ಇಮೇಲ್ ಕೊಟ್ಟಿಡಿ, ಮುಂದೆ ಸಿಕ್ಕರೆ ಮೇಲ್ ಬರುತ್ತದೆ.